ಕಿವಿ ಹಣ್ಣಿನ ಸಿಪ್ಪೆ: ತಿನ್ನುವುದು ಹೇಗೆ, ಸಿಗುವ ನಾರು ಎಷ್ಟು

ಕಿವಿ ಹಣ್ಣನ್ನು ಸಿಪ್ಪೆ ಸಮೇತ ತಿನ್ನಬಹುದು. ಆ ಕಂದು ಸಿಪ್ಪೆಯಲ್ಲಿ ವಿಷವೇನೂ ಇಲ್ಲ, ಸೇಬಿನ ಸಿಪ್ಪೆಯ ಹಾಗೆ ಅದೂ ಹಣ್ಣಿನದೇ ಭಾಗ. ತಿಂದರೆ ನಾರಿನಂಶವೂ ಹೆಚ್ಚು ಸಿಗುತ್ತದೆ. ಎಷ್ಟು ಹೆಚ್ಚು ಎಂದು ಕೇಳಿದರೆ ಮಾತ್ರ ಉತ್ಸಾಹ ಸ್ವಲ್ಪ ಇಳಿಯುತ್ತದೆ: ಒಂದು ಹಣ್ಣಿಗೆ ಸುಮಾರು ಒಂದು ಗ್ರಾಂ. ಆ ಒಂದು ಗ್ರಾಂ ಯಾರಿಗೆ ಉಪಯೋಗ, ಯಾರಿಗೆ ಬೇಡ, ಬೇಕೆಂದವರು ಬಾಯಿ ಉರಿಸಿಕೊಳ್ಳದೆ ಅದನ್ನು ತಿನ್ನುವುದು ಹೇಗೆ ಎಂಬುದು ಈ ಲೇಖನದ ವಿಷಯ.

ನಾನು ಮೊದಲ ಸಲ ತಿಂದದ್ದು ತಪ್ಪಾದ ರೀತಿಯಲ್ಲಿ. ಗಟ್ಟಿಯಾಗಿದ್ದ ಹಣ್ಣನ್ನು ನಲ್ಲಿಯ ಕೆಳಗೆ ಒಮ್ಮೆ ಹಿಡಿದು, ಸೇಬು ಕಚ್ಚಿದ ಹಾಗೆ ಕಚ್ಚಿದೆ. ಜುಂಗು ಅಂಗುಳಕ್ಕೆ ಅಂಟಿತು, ಸಿಪ್ಪೆ ಅಗಿದಷ್ಟೂ ಮುಗಿಯಲಿಲ್ಲ, ನಾಲಿಗೆಯ ತುದಿ ಬಹಳ ಹೊತ್ತು ಚುರುಗುಟ್ಟುತ್ತಿತ್ತು. ಎಲ್ಲ ತಪ್ಪನ್ನೂ ಆ ರೋಮಗಳ ತಲೆಗೆ ಕಟ್ಟಿದೆ. ಅದು ಅನ್ಯಾಯ ಎಂದು ಆಮೇಲೆ ತಿಳಿಯಿತು. ಚುಚ್ಚುವುದು ಬೇರೆ ವಸ್ತು, ಅದು ಕಣ್ಣಿಗೆ ಕಾಣುವುದಿಲ್ಲ. ಅದರ ಮಾತು ಮುಂದೆ ಬರುತ್ತದೆ.

ಯಾವ ಹಣ್ಣು?

ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ಕಂದು ಬಣ್ಣದ, ಮೈತುಂಬ ರೋಮವಿರುವ ಹಣ್ಣಿನ ಒಳಗಡೆ ಹಸಿರು. ಇದರಲ್ಲಿ ಹೆಚ್ಚಿನವು ಹೇವರ್ಡ್ ಎಂಬ ತಳಿ. ಇನ್ನೊಂದು ಬಗೆಯ ಹಣ್ಣಿನ ಒಳಗಡೆ ಹಳದಿ, ಹೊರಗೆ ಹೆಚ್ಚುಕಡಿಮೆ ನುಣುಪು. ಹಳದಿ ಹಣ್ಣಿನ ಸಿಪ್ಪೆ ತೆಳು, ಅದನ್ನು ತಿನ್ನಲು ಯಾವ ತಯಾರಿಯೂ ಬೇಡ, ತೊಳೆದರೆ ಸಾಕು. ಇವೆರಡೂ ಅಲ್ಲದೆ ದ್ರಾಕ್ಷಿಯಷ್ಟೇ ಗಾತ್ರದ ಕಿವಿಬೆರ್ರಿ ಎಂಬುದೂ ಇದೆ. ಅದನ್ನು ಸುಲಿಯುವ ಗೋಜಿಗೆ ಯಾರೂ ಹೋಗುವುದಿಲ್ಲ, ಇಡಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತಾರೆ.

ಹಾಗಾಗಿ ತಿನ್ನಬಹುದೇ ಎಂಬ ಅನುಮಾನ ಬರುವುದು ರೋಮದ ಹಸಿರು ಕಿವಿಯ ವಿಷಯದಲ್ಲಿ ಮಾತ್ರ. ಮುಂದೆ ಹೇಳುವುದೆಲ್ಲ ಅದನ್ನೇ ಕುರಿತು. (ಕನ್ನಡದಲ್ಲಿ ಬರೆಯುವಾಗ ಈ ಹೆಸರಿನದೇ ಒಂದು ತಮಾಷೆ. ಹಣ್ಣಿಗೂ ನಮ್ಮ ಕಿವಿಗೂ ಯಾವ ಸಂಬಂಧವೂ ಇಲ್ಲ. ನ್ಯೂಜಿಲೆಂಡಿನ ವ್ಯಾಪಾರಿಗಳು 1959ರಲ್ಲಿ ತಮ್ಮ ನಾಡಿನ ಕಿವಿ ಹಕ್ಕಿಯ ಹೆಸರನ್ನು ಇದಕ್ಕೆ ಇಟ್ಟರು. ಆ ಹಕ್ಕಿಯೂ ಹೀಗೇ ಗುಂಡಗೆ, ಕಂದಗೆ, ರೋಮ ರೋಮವಾಗಿದೆ.)

ಒಂದು ಗ್ರಾಂ ಲೆಕ್ಕ

ಹಸಿರು ಕಿವಿಯ ತಿರುಳಿನಲ್ಲಿ 100 ಗ್ರಾಂಗೆ ಸುಮಾರು 3 ಗ್ರಾಂ ನಾರು ಇರುತ್ತದೆ. ಮಧ್ಯಮ ಗಾತ್ರದ ಒಂದು ಹಣ್ಣು 80 ಗ್ರಾಂ ತೂಗುತ್ತದೆ ಎಂದುಕೊಳ್ಳಿ. ಎರಡೂ ತುದಿ ಕತ್ತರಿಸಿ, ಸಿಪ್ಪೆಯನ್ನು ತೆಳ್ಳಗೆ ಹೆರೆದರೆ 70 ಗ್ರಾಂ ತಿರುಳು ಉಳಿಯುತ್ತದೆ. ಅಂದರೆ ಸುಲಿದ ಹಣ್ಣಿನಲ್ಲಿ 2 ಗ್ರಾಂಗಿಂತ ಕೊಂಚ ಹೆಚ್ಚು ನಾರು ಇದೆ. ಸಿಪ್ಪೆ ಸಮೇತ ತಿಂದರೆ ನಾರು ಸುಮಾರು ಅರ್ಧದಷ್ಟು ಹೆಚ್ಚುತ್ತದೆ ಎಂಬುದು ಚಾಲ್ತಿಯಲ್ಲಿರುವ ಅಂದಾಜು. ಇದು ಮುಖ್ಯವಾಗಿ ಹಳದಿ ಹಣ್ಣನ್ನು ಅಳೆದು ಬಂದ ಸಂಖ್ಯೆ. ಹಸಿರು ಹಣ್ಣಿಗೂ ಅದನ್ನೇ ಹಿಡಿದರೆ 2 ಗ್ರಾಂ ಇದ್ದದ್ದು 3 ಗ್ರಾಂ ಆಗುತ್ತದೆ.

ಈಗ ದಿನಕ್ಕೆ ಎರಡು ಹಣ್ಣು ತಿನ್ನುವವರ ಲೆಕ್ಕ ನೋಡೋಣ. ಸುಲಿದು ತಿಂದರೆ ಸುಮಾರು 4 ಗ್ರಾಂ ಸಿಗುತ್ತದೆ, ಸುಲಿಯದೆ ತಿಂದರೆ 6 ಗ್ರಾಂ. ವ್ಯತ್ಯಾಸ 2 ಗ್ರಾಂ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರಲ್ಲಿ ಈ 2 ಗ್ರಾಂ ಹನ್ನೆರಡರಲ್ಲಿ ಒಂದು ಪಾಲು. ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳಬಹುದು: ಎರಡು ಹಣ್ಣಿನ ಸಿಪ್ಪೆಯಿಂದ ಸಿಗುವ ನಾರು, ಸುಲಿದ ಮೂರನೆಯ ಹಣ್ಣೊಂದರಿಂದ ಸಿಗುವಷ್ಟೇ.

ನನಗೆ ಈ ಹೋಲಿಕೆಯೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಸಿಪ್ಪೆ ಹಿಡಿಸದವರು ಏನೋ ಕಳೆದುಕೊಂಡೆವು ಎಂದು ಕೊರಗಬೇಕಾಗಿಲ್ಲ, ಇನ್ನೊಂದು ಹಣ್ಣು ಸುಲಿದು ತಿಂದರೆ ಲೆಕ್ಕ ಸರಿಹೋಗುತ್ತದೆ. ಸಿಪ್ಪೆ ಹಿಡಿಸುವವರಿಗೆ ಅದೇ ಎರಡು ಹಣ್ಣಿನಲ್ಲಿ ಮೂರು ಹಣ್ಣಿನ ನಾರು ಸಿಗುತ್ತದೆ, ಸಕ್ಕರೆ ಮಾತ್ರ ಎರಡೇ ಹಣ್ಣಿನದು. ನಾರಿನ ಜೊತೆಗೆ ಫೋಲೇಟ್ ಮತ್ತು ಇ ಜೀವಸತ್ವವೂ ಸಿಪ್ಪೆಯಿಂದ ಸ್ವಲ್ಪ ಹೆಚ್ಚು ಸಿಗುತ್ತವೆ. ಸಿ ಜೀವಸತ್ವಕ್ಕಾಗಿ ಸಿಪ್ಪೆ ತಿನ್ನುವ ಅಗತ್ಯ ಕಾಣೆ, ತಿರುಳಿನಲ್ಲೇ ಅದು ಧಾರಾಳವಾಗಿದೆ.

ಮಲಬದ್ಧತೆಗೆಂದು ಕಿವಿ ತಿನ್ನುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಹಸಿರು ಕಿವಿ ಹೊಟ್ಟೆಯನ್ನು ಸಲೀಸು ಮಾಡುತ್ತದೆ ಎಂಬ ಮಾತಿಗೆ ಆಧಾರವಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಇದನ್ನು ಪರಿಶೀಲಿಸಿ ಒಪ್ಪಿತು, ದಿನಕ್ಕೆ 200 ಗ್ರಾಂ ತಿನ್ನಬೇಕು ಎಂಬ ಪ್ರಮಾಣವನ್ನೂ ಹೇಳಿತು. ಆ 200 ಗ್ರಾಂ ಎಂದರೆ ತಿರುಳು, ಸಿಪ್ಪೆ ಅದರಲ್ಲಿ ಸೇರಿಲ್ಲ. ಕಿವಿಯ ತಿರುಳಿನ ನಾರು ನೀರು ಹೀರಿ ಚೆನ್ನಾಗಿ ಉಬ್ಬುತ್ತದೆ, ಮಲ ಮೆತ್ತಗಾಗಲು ಅದು ನೆರವಾಗುತ್ತದೆ. ಹಾಗಾಗಿ ಹೊಟ್ಟೆಗಾಗಿ ತಿನ್ನುವವರು ಹಣ್ಣಿನ ಸಂಖ್ಯೆಯ ಮೇಲೆ ಮೊದಲು ಗಮನ ಕೊಡಿ. ದಿನಕ್ಕೆ ಒಂದೇ ಹಣ್ಣನ್ನು ಸಿಪ್ಪೆ ಸಮೇತ ತಿನ್ನುವುದಕ್ಕಿಂತ ಎರಡು ಮೂರು ಹಣ್ಣನ್ನು ಸುಲಿದು ತಿನ್ನುವುದು ಮೇಲು.

ಹಣ್ಣಾಗುವವರೆಗೆ ಕಾಯಿರಿ

ಸಿಪ್ಪೆ ತಿನ್ನಬೇಕೆಂದರೆ ಹಣ್ಣು ಸರಿಯಾಗಿ ಹಣ್ಣಾಗಿರಬೇಕು. ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಕಲ್ಲಿನಂತಿದ್ದರೆ ಇನ್ನೂ ಕಾಯಿ. ಅದುಮಿದ ಜಾಗ ಒಂದಿಷ್ಟು ಒಳಗೆ ಹೋದಂತೆ ಅನಿಸಿ, ಗುಳಿ ಬೀಳದಿದ್ದರೆ ಹದವಾಗಿದೆ. ಗುಳಿ ಹಾಗೇ ಉಳಿದರೆ, ಸಿಪ್ಪೆ ಸುಕ್ಕಾಗಿ ತಿರುಳಿನಿಂದ ಸಡಿಲವಾಗಿದ್ದರೆ ಹದ ಮೀರಿದೆ. ಹದ ಮೀರಿದ ಹಣ್ಣಿನ ಸಿಪ್ಪೆ ಚರ್ಮದಂತೆ ಎಳೆಯುತ್ತದೆ, ತಿರುಳು ಹುಳಿತ ವಾಸನೆ ಹೊಡೆಯುತ್ತದೆ. ಅಂಥದ್ದನ್ನು ಚಮಚದಲ್ಲಿ ಬಗೆದು ತಿನ್ನಿ, ಇಲ್ಲವೇ ಬಿಸಾಡಿ.

ಕಾಯಿಯಾಗಿದ್ದರೆ ಫ್ರಿಜ್ಜಿಗೆ ಇಡಬೇಡಿ. ಒಂದು ಬಾಳೆಹಣ್ಣಿನ ಅಥವಾ ಸೇಬಿನ ಜೊತೆ ಕಾಗದದ ಚೀಲದಲ್ಲಿ ಹಾಕಿ ಹೊರಗೆ ಇಡಿ. ಆ ಹಣ್ಣುಗಳು ಬಿಡುವ ಎಥಿಲೀನ್ ಅನಿಲ ಕಿವಿಯನ್ನು ಬೇಗ ಹಣ್ಣು ಮಾಡುತ್ತದೆ, ಎರಡರಿಂದ ನಾಲ್ಕು ದಿನ ಸಾಕಾಗುತ್ತದೆ. ದಿನಕ್ಕೊಮ್ಮೆ ಒತ್ತಿ ನೋಡುತ್ತಿರಿ. ಕಾಯಿಯಿಂದ ಹದಕ್ಕೆ ಬರಲು ತೆಗೆದುಕೊಂಡಷ್ಟು ಸಮಯವನ್ನು ಅದು ಹದದಿಂದ ಕೊಳೆಯಲು ತೆಗೆದುಕೊಳ್ಳುವುದಿಲ್ಲ. ಹದಕ್ಕೆ ಬಂದದ್ದು ಫ್ರಿಜ್ಜಿಗೆ ಹೋಗಲಿ.

ರೋಮ ತೆಗೆಯುವುದು

ತಿನ್ನುವ ಮುಂಚೆ ಮಾತ್ರ ತೊಳೆಯಿರಿ. ತೊಳೆದು ಒದ್ದೆ ಇಟ್ಟ ಕಿವಿಗೆ ಬೇಗ ಬೂಷ್ಟು ಹಿಡಿಯುತ್ತದೆ, ರೋಮಗಳ ನಡುವೆ ನೀರು ನಿಲ್ಲುತ್ತದಲ್ಲ. ಸುಲಿದು ತಿನ್ನುವವರೂ ತೊಳೆಯುವುದು ಒಳ್ಳೆಯದು, ಇಲ್ಲದಿದ್ದರೆ ಹೊರಗಿನ ಕೊಳೆಯನ್ನು ಚಾಕುವೇ ಒಳಗೆ ಕೊಂಡೊಯ್ಯುತ್ತದೆ.

ನಲ್ಲಿಯ ಹರಿಯುವ ನೀರಿನ ಕೆಳಗೆ ಹಣ್ಣನ್ನು ಹಿಡಿದು ಒರಟು ಬಟ್ಟೆಯಿಂದ ಉಜ್ಜಿ. ತರಕಾರಿ ತೊಳೆಯುವ ಮೆದು ಬ್ರಷ್ ಇದ್ದರೆ ಇನ್ನೂ ಅನುಕೂಲ. ಅರ್ಧ ನಿಮಿಷ ಸುತ್ತಲೂ ತಿರುಗಿಸುತ್ತ ಉಜ್ಜಿದರೆ ಒಣಗಿ ನಿಂತಿರುವ ರೋಮದ ಬಹುಪಾಲು ಉದುರುತ್ತದೆ. ಎಲ್ಲವೂ ಹೋಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಬೆರಳಾಡಿಸಿದಾಗ ಮರಳು ಕಾಗದದಂತೆ ಅನಿಸುತ್ತಿದ್ದ ಮೈ ಒರಟು ಬಟ್ಟೆಯಂತೆ ಅನಿಸಿದರೆ ಸಾಕು. ಇನ್ನೂ ಬೇಕೆಂದರೆ ಚಮಚದ ಅಂಚನ್ನು ಅಡ್ಡವಾಗಿ ಹಿಡಿದು ಹಗುರವಾಗಿ ಕೆರೆಯಬಹುದು. ಸಿಪ್ಪೆ ಹರಿದು ಹಸಿರು ಕಂಡರೆ ಕೈ ಜೋರಾಯಿತು ಎಂದರ್ಥ. ಹಣ್ಣನ್ನು ವಿಂಗಡಿಸಿ ಡಬ್ಬಕ್ಕೆ ತುಂಬುವ ಕಡೆ ಯಂತ್ರದ ಬ್ರಷ್ಷುಗಳಿಂದ ಸಡಿಲ ರೋಮವನ್ನು ಒಮ್ಮೆ ತೆಗೆದಿರುತ್ತಾರೆ. ಗಿಡದಿಂದ ಕಿತ್ತ ಹಣ್ಣು ಇದಕ್ಕಿಂತ ಹೆಚ್ಚು ಜುಂಗಾಗಿರುತ್ತದೆ.

ಸೋಪು, ಡಿಟರ್ಜೆಂಟ್ ಬೇಡ. ಒರಟಾದ ಸಿಪ್ಪೆಯಲ್ಲಿ ಅವು ಉಳಿದುಕೊಳ್ಳುತ್ತವೆ. ಕೀಟನಾಶಕದ ಬಗ್ಗೆಯೂ ಒಂದು ಮಾತು: ಉಜ್ಜಿ ತೊಳೆಯುವುದರಿಂದ ಮೇಲೆ ಕೂತಿರುವುದು ಕಡಿಮೆಯಾಗುತ್ತದೆ, ಸಿಪ್ಪೆಯೊಳಗೆ ಇಳಿದಿರುವುದು ಹೋಗುವುದಿಲ್ಲ. ಅದರ ಚಿಂತೆ ಹೆಚ್ಚಿರುವವರಿಗೆ ಸುಲಿಯುವುದೇ ನೇರ ದಾರಿ.

ಕತ್ತರಿಸುವುದು

ತೊಟ್ಟಿದ್ದ ತುದಿಯಲ್ಲಿ ಕಡ್ಡಿಯಂಥ ಗಟ್ಟಿ ತಿರುಳೊಂದು ಒಳಗೆ ಹೊಕ್ಕಿರುತ್ತದೆ. ಚಾಕುವನ್ನು ತೊಟ್ಟಿನ ಸುತ್ತ ಸ್ವಲ್ಪವೇ ಇಳಿಸಿ, ಹಣ್ಣನ್ನು ತಿರುಗಿಸಿ, ಆ ತುದಿಯನ್ನು ತಿರುಚಿ ಎಳೆದರೆ ಅನೇಕ ಸಲ ಅದು ಇಡಿಯಾಗಿ ಬರುತ್ತದೆ. ಬರದಿದ್ದರೆ ಅರ್ಧ ಸೆಂಟಿಮೀಟರಿನಷ್ಟು ಕತ್ತರಿಸಿ ತೆಗೆಯಿರಿ. ಎದುರು ತುದಿಯಲ್ಲಿ ಹೂವಿನ ಒಣಗಿದ ಅವಶೇಷ ಇರುತ್ತದೆ, ಅದನ್ನೂ ತೆಗೆಯಿರಿ. ಕೊಳೆ ಕೂಡುವ ಜಾಗವೂ ಅದೇ.

ನಂತರ ಅಡ್ಡಕ್ಕೆ ತೆಳ್ಳಗೆ ಬಿಲ್ಲೆಗಳಾಗಿ ಹೆಚ್ಚಿ, ಮೂರು ನಾಲ್ಕು ಮಿಲಿಮೀಟರ್ ದಪ್ಪ ಸಾಕು. ನನ್ನ ಮೊದಲ ಪ್ರಯತ್ನ ಕೆಟ್ಟದ್ದು ಇಲ್ಲೇ. ಹಣ್ಣನ್ನು ಕಚ್ಚಿ ತಿಂದರೆ ಒಂದು ತುತ್ತಿಗೆ ಅಗಲವಾದ ಸಿಪ್ಪೆಯ ತುಂಡು ಬರುತ್ತದೆ. ತಿರುಳು ಕರಗಿ ಹೋದ ಮೇಲೂ ಅದು ಹಲ್ಲಿನ ನಡುವೆ ಉಳಿಯುತ್ತದೆ. ತೆಳು ಬಿಲ್ಲೆಯಲ್ಲಿ ಸಿಪ್ಪೆ ಒಂದು ಸಣ್ಣ ಅಂಚು ಮಾತ್ರ, ತಿರುಳಿನ ಜೊತೆಗೇ ಅಗಿದು ಮುಗಿಯುತ್ತದೆ. ಹಣ್ಣು ಅದೇ, ತಿನ್ನುವ ಅನುಭವ ಬೇರೆಯೇ.

ಮಿಕ್ಸಿಗೆ ಹಾಕಿ ಸ್ಮೂದಿ ಮಾಡಿಕೊಂಡರೆ ರೋಮ ಗೊತ್ತೇ ಆಗುವುದಿಲ್ಲ ಎಂದು ಹಲವರು ಹೇಳುತ್ತಾರೆ. ಅದು ನಿಜ. ರುಬ್ಬುವುದರಿಂದ ನಾರೂ ಹಾಳಾಗುವುದಿಲ್ಲ, ಸಣ್ಣದಾಗುತ್ತದೆ ಅಷ್ಟೆ. ಸೋಸಿದರೆ ಮಾತ್ರ ಸಿಪ್ಪೆ ಹಾಕಿದ್ದೇ ವ್ಯರ್ಥ. ಹಾಲು ಅಥವಾ ಮೊಸರು ಬೆರೆಸುವುದಾದರೆ ಮಾಡಿದ ತಕ್ಷಣ ಕುಡಿಯಿರಿ. ಕಿವಿಯಲ್ಲಿರುವ ಆಕ್ಟಿನಿಡಿನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಇಟ್ಟರೆ ಪಾನೀಯ ಕಹಿಯಾಗುತ್ತದೆ. ಇನ್ನೊಂದು ತೊಂದರೆಯೂ ಇದೆ: ಸಿಪ್ಪೆ ಹಾಕಿ ರುಬ್ಬಿದ್ದು ಕೆಲವರಿಗೆ ಗಂಟಲಲ್ಲಿ ಕೆರೆದಂತೆ ಆಗುತ್ತದೆ. ಅದಕ್ಕೂ ರೋಮ ಕಾರಣವಲ್ಲ.

ಚುಚ್ಚುವುದು ಯಾವುದು?

ಕಿವಿಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಾಕಾರದ ಹರಳುಗಳು ಕಟ್ಟುಕಟ್ಟಾಗಿ ಇರುತ್ತವೆ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವಷ್ಟು ಸಣ್ಣವು. ಹಣ್ಣಿನ ಒಳಗೂ ಇವೆ, ಸಿಪ್ಪೆಗೆ ಅಂಟಿಕೊಂಡ ಪದರದಲ್ಲಿ ಹೆಚ್ಚಾಗಿವೆ. ಅಗಿದಾಗ ಅಥವಾ ರುಬ್ಬಿದಾಗ ಹಣ್ಣಿನ ಕೋಶಗಳು ಒಡೆದು ಈ ಸೂಜಿಗಳು ಹೊರಬಂದು ನಾಲಿಗೆಗೆ, ಗಂಟಲಿಗೆ ತಾಗುತ್ತವೆ. ಜೊತೆಗೆ ಆಕ್ಟಿನಿಡಿನ್ ಇದೆ, ಹುಳಿಯೂ ಇದೆ. ಅನಾನಸ್ ತಿಂದಾಗ ನಾಲಿಗೆ ಉರಿಯುವುದೂ ಇಂಥದೇ ಕೂಟದಿಂದ.

ಆದ್ದರಿಂದ ರೋಮವನ್ನು ಎಷ್ಟೇ ಚೆನ್ನಾಗಿ ಉಜ್ಜಿ ತೆಗೆದರೂ ಕೆಲವರಿಗೆ ಚುರುಗುಟ್ಟುವುದು ನಿಲ್ಲುವುದಿಲ್ಲ. ಹಣ್ಣಾದ ಮಾತ್ರಕ್ಕೆ ಹರಳುಗಳು ಮಾಯವಾಗುವುದಿಲ್ಲ, ಆದರೆ ಸಿಹಿ ಏರಿ ಹುಳಿಯ ಚುರುಕು ಹಿಂದೆ ಸರಿಯುವುದರಿಂದ ಬಾಯಿಗೆ ಸಹನೆಯಾಗುತ್ತದೆ. ಕಾಯಿಯನ್ನು ಕಚ್ಚಿದ ನನಗೆ ಮೂರೂ ಒಟ್ಟಿಗೆ ತಗುಲಿದ್ದವು.

ಮೊದಲ ದಿನ ಒಂದು ಹಣ್ಣಿನ ಕಾಲುಭಾಗವನ್ನಷ್ಟೇ ಸಿಪ್ಪೆ ಸಮೇತ ತಿನ್ನಿ, ಉಳಿದದ್ದನ್ನು ಸುಲಿದು ತಿನ್ನಿ. ನಾಲಿಗೆ ಸ್ವಲ್ಪ ಚುರುಗುಟ್ಟಿ, ನೀರು ಕುಡಿದ ಮೇಲೆ ತಾನಾಗಿ ಇಳಿದರೆ ಅದು ಹರಳು ಮತ್ತು ಕಿಣ್ವದ ಕೆಲಸ. ಮುಂದಿನ ಸಲ ಇನ್ನೂ ಹಣ್ಣಾದದ್ದನ್ನು ಇನ್ನೂ ತೆಳ್ಳಗೆ ಹೆಚ್ಚಿ ನೋಡಿ. ಆಗಲೂ ಹಿಡಿಸದಿದ್ದರೆ ಬಿಟ್ಟುಬಿಡಿ, ಹೋಗುವುದು ಒಂದು ಗ್ರಾಂ ನಾರು.

ಆದರೆ ತುಟಿ ಊದಿಕೊಂಡರೆ, ಅಂಗುಳ ಮತ್ತು ಕಿವಿಯ ಒಳಗೆ (ಇದು ಕೇಳುವ ಕಿವಿ) ತುರಿಕೆ ಹತ್ತಿದರೆ, ಮೈಮೇಲೆ ದದ್ದು ಎದ್ದರೆ ಅದು ಅಲರ್ಜಿ. ಆಗ ಸಿಪ್ಪೆ ಮಾತ್ರವಲ್ಲ, ತಿರುಳನ್ನೂ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಗಂಟಲು ಬಿಗಿದರೆ, ಉಸಿರಾಟಕ್ಕೆ ಕಷ್ಟವಾದರೆ, ಮತ್ತೆ ಮತ್ತೆ ವಾಂತಿಯಾದರೆ ಕಾದು ನೋಡುವ ಮಾತಿಲ್ಲ, ತಕ್ಷಣ ಆಸ್ಪತ್ರೆ. ರಬ್ಬರ್ ಕೈಗವಸಿನಲ್ಲಿರುವ ಲೇಟೆಕ್ಸ್ ಆಗದವರಿಗೆ ಕಿವಿಯೂ ಆಗದಿರುವ ಸಾಧ್ಯತೆ ಇದೆ. ಬರ್ಚ್ ಮರದ ಪರಾಗದ ಅಲರ್ಜಿ ಇರುವವರಿಗೂ ಹಾಗೆಯೇ. ಬಾಳೆಹಣ್ಣು, ಬೆಣ್ಣೆಹಣ್ಣು ತಿಂದರೆ ಬಾಯಿ ತುರಿಸುವವರೂ ಕಿವಿಯ ವಿಷಯದಲ್ಲಿ ಎಚ್ಚರವಾಗಿರಲಿ. ಇವರೆಲ್ಲ ಸಿಪ್ಪೆಯ ಪ್ರಯೋಗಕ್ಕೆ ಇಳಿಯದಿರುವುದೇ ಕ್ಷೇಮ.

ಯಾರು ಸುಲಿದೇ ತಿನ್ನಬೇಕು?

ಆಕ್ಸಲೇಟ್ ಕಲ್ಲು ಮೂತ್ರಪಿಂಡದಲ್ಲಿ ಆಗಿರುವವರು, ಆಕ್ಸಲೇಟ್ ಕಡಿಮೆ ಮಾಡಿ ಎಂದು ವೈದ್ಯರಿಂದ ಹೇಳಿಸಿಕೊಂಡವರು ಸಿಪ್ಪೆಯನ್ನು ಬಿಡಬೇಕು. ಮೇಲೆ ಹೇಳಿದ ಹರಳುಗಳೇ ಕಾರಣ. ಚೆನ್ನಾಗಿ ಅಗಿಯಲಾರದ ಪುಟ್ಟ ಮಕ್ಕಳಿಗೆ, ನುಂಗಲು ತೊಂದರೆ ಇರುವ ಹಿರಿಯರಿಗೆ ಸಿಪ್ಪೆ ಕೊಡಬೇಡಿ, ಅದು ಗಂಟಲಿಗೆ ಅಂಟಿಕೊಳ್ಳುತ್ತದೆ. ನಾರಿನ ಅಭ್ಯಾಸವೇ ಇಲ್ಲದ ಹೊಟ್ಟೆಗೆ ಒಂದೇ ದಿನ ಮೂರು ನಾಲ್ಕು ಹಣ್ಣನ್ನು ಸಿಪ್ಪೆ ಸಮೇತ ತುಂಬಿದರೆ ಹೊಟ್ಟೆಯುಬ್ಬರ ಖಂಡಿತ. ವಾರದಲ್ಲಿ ಮೆಲ್ಲಗೆ ಏರಿಸಿ, ನೀರು ಸಾಕಷ್ಟು ಕುಡಿಯಿರಿ.

ಸುಲಿಯುವವರು ಹೇಗೆ ಸುಲಿಯುತ್ತೀರಿ ಎಂಬುದನ್ನೂ ಒಮ್ಮೆ ಗಮನಿಸಿ. ಚಾಕುವಿನಿಂದ ದಪ್ಪಗೆ ಹೆರೆದರೆ ಸಿಪ್ಪೆಯ ಜೊತೆ ಸಾಕಷ್ಟು ತಿರುಳೂ ಕಸದ ಬುಟ್ಟಿಗೆ ಹೋಗುತ್ತದೆ. ಹಣ್ಣನ್ನು ತೂಗಿ, ಸುಲಿದ ಮೇಲೆ ಸಿಪ್ಪೆಯನ್ನೂ ತುದಿಗಳನ್ನೂ ತೂಗಿ ನೋಡಿ. 80 ಗ್ರಾಂ ಹಣ್ಣಿನಲ್ಲಿ ಬುಟ್ಟಿಗೆ ಹೋಗುವುದು 20 ಗ್ರಾಂ ಆಗಿದ್ದರೆ, ತೆಳ್ಳಗೆ ಸುಲಿದಾಗ ಹೋಗುವುದರ ಎರಡರಷ್ಟಾಯಿತು. ಹದವಾದ ಹಣ್ಣಿಗೆ ಚಮಚ ಚೆನ್ನ: ಎರಡೂ ತುದಿ ಕತ್ತರಿಸಿ, ಚಮಚದ ಬೆನ್ನು ಸಿಪ್ಪೆಗೆ ಒತ್ತಿಕೊಂಡಿರುವಂತೆ ಒಳಗೆ ತೂರಿಸಿ, ಹಣ್ಣನ್ನು ಒಂದು ಸುತ್ತು ತಿರುಗಿಸಿದರೆ ತಿರುಳು ಮೊಟ್ಟೆಯ ಹಾಗೆ ಇಡಿಯಾಗಿ ಜಾರಿ ಬರುತ್ತದೆ. ಉಳಿದ ಸಿಪ್ಪೆ ಕಾಗದದಷ್ಟು ತೆಳ್ಳಗಿರುತ್ತದೆ.

ನಾನೀಗ ಹಳದಿ ಸಿಕ್ಕಾಗ ಸಿಪ್ಪೆ ಸಮೇತ ತಿನ್ನುತ್ತೇನೆ. ಹಸಿರಾದರೆ ಉಜ್ಜುವ ತಾಳ್ಮೆ ಇದ್ದ ದಿನ ಬಿಲ್ಲೆ, ಇಲ್ಲದ ದಿನ ಚಮಚ.